ಕಾಸ್ಟ್ ಶೀಟಿನಲ್ಲಿ 8.40 ಲಕ್ಷ, ಲಾಭ-ನಷ್ಟ ಖಾತೆಯಲ್ಲಿ 5.23 ಲಕ್ಷ: ಎರಡನ್ನೂ ಹೊಂದಿಸುವುದು ಹೇಗೆ?

ಘಟಕ ಒಂದೇ, ವರ್ಷ ಒಂದೇ, ಮಾರಿದ ಮಾಲೂ ಅದೇ. ಆದರೆ ವೆಚ್ಚ ಲೆಕ್ಕ ಬರೆಯುವವರು ₹8,40,000 ಲಾಭ ತೋರಿಸುತ್ತಾರೆ, ಹಣಕಾಸು ಲೆಕ್ಕ ಬರೆಯುವವರು ₹5,23,000 ಎನ್ನುತ್ತಾರೆ. ಮಾಲೀಕರಿಗೆ ಗಾಬರಿಯಾಗುವುದು ಸಹಜ. ಮೂರು ಲಕ್ಷಕ್ಕೂ ಜಾಸ್ತಿ ಹಣ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಎಲ್ಲಿಗೂ ಹೋಗಿಲ್ಲ. ಎರಡು ಲೆಕ್ಕಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿವೆ, ಅಷ್ಟೆ. ಆದರೆ ಬಾಯಿಮಾತಿನಲ್ಲಿ ಹೀಗೆ ಹೇಳಿದರೆ ಸಾಲದು. ಒಂದು ಲಾಭದಿಂದ ಹೊರಟು, ಒಂದೊಂದೇ ಬಾಬ್ತನ್ನು ಕೂಡಿ ಕಳೆದು, ರೂಪಾಯಿ ಉಳಿಯದಂತೆ ಇನ್ನೊಂದು ಲಾಭಕ್ಕೆ ಬಂದು ನಿಲ್ಲಬೇಕು. ಆ ಕಾಗದಕ್ಕೆ ಹೊಂದಾಣಿಕೆ ಪಟ್ಟಿ ಎನ್ನುತ್ತಾರೆ.

ಪುಸ್ತಕದ ನಿಯಮಗಳನ್ನು ಸಾಲಾಗಿ ಹೇಳುವ ಬದಲು ಒಂದೇ ಉದಾಹರಣೆಯನ್ನು ಹಿಡಿದು ಕೊನೆವರೆಗೂ ಹೋಗೋಣ. ಸಿಮೆಂಟ್ ಸಾಲಿಡ್ ಬ್ಲಾಕ್ ತಯಾರಿಸುವ ಒಂದು ಸಣ್ಣ ಘಟಕ. ಒಬ್ಬರೇ ಮಾಲೀಕರು, ಜಾಗ ಅವರ ಸ್ವಂತದ್ದು. ಸಿಮೆಂಟ್, ಜಲ್ಲಿ, ಎಂ-ಸ್ಯಾಂಡ್ ಕಚ್ಚಾ ಮಾಲು. ಒಂದು ಮಿಕ್ಸರ್, ಒಂದು ಹೈಡ್ರಾಲಿಕ್ ಯಂತ್ರ, ಹಿಂದೆ ಕ್ಯೂರಿಂಗ್ ಮಾಡುವ ಅಂಗಳ. ಅಂಕಿಗಳನ್ನು ವಿವರಣೆಗೆಂದೇ ಕಟ್ಟಿಕೊಂಡಿದ್ದೇನೆ, ಲೆಕ್ಕದ ರೀತಿ ಮಾತ್ರ ನಿಜವಾದದ್ದೇ.

ಎರಡು ಲೆಕ್ಕಗಳು ಕೇಳುವ ಪ್ರಶ್ನೆ

ಹಣಕಾಸು ಲೆಕ್ಕ ಕೇಳುವುದು ಇದನ್ನು: ಈ ವರ್ಷ ಇಡೀ ವ್ಯವಹಾರಕ್ಕೆ ಏನೇನು ಬಂತು, ಏನೇನು ಹೋಯಿತು? ಬ್ಯಾಂಕಿಗೆ ಕಟ್ಟಿದ ಬಡ್ಡಿ, ಊರ ಶಾಲೆಗೆ ಕೊಟ್ಟ ದೇಣಿಗೆ, ಹಳೇ ಯಂತ್ರ ಮಾರಿ ಆದ ನಷ್ಟ, ಎಲ್ಲವೂ ಅದರಲ್ಲಿ ಬರುತ್ತವೆ. ಬ್ಲಾಕ್ ತಯಾರಿಕೆಗೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ.

ವೆಚ್ಚ ಲೆಕ್ಕದ ಪ್ರಶ್ನೆ ಇನ್ನೂ ಇಕ್ಕಟ್ಟಿನದು: ಒಂದು ಬ್ಲಾಕ್ ತಯಾರಿಸಿ ಮಾರಲು ಎಷ್ಟು ತಗಲುತ್ತದೆ, ಎಷ್ಟು ಉಳಿಯುತ್ತದೆ? ಈ ಉತ್ತರ ವರ್ಷ ಮುಗಿದ ಮೇಲೆ ಸಿಕ್ಕರೆ ಪ್ರಯೋಜನವಿಲ್ಲ. ಕಂಟ್ರಾಕ್ಟರ್ ಜೂನ್ ತಿಂಗಳಲ್ಲಿ ಬಂದು ರೇಟ್ ಕೇಳಿದರೆ ಅಂದೇ ಹೇಳಬೇಕು. ಹಾಗಾಗಿ ವೆಚ್ಚ ಲೆಕ್ಕದಲ್ಲಿ ಕರೆಂಟ್ ಬಿಲ್, ರಿಪೇರಿ, ಸೂಪರ್‌ವೈಸರ್ ಸಂಬಳದಂಥ ಓವರ್‌ಹೆಡ್‌ಗಳನ್ನು ಮೊದಲೇ ಅಂದಾಜು ಮಾಡಿ, ಬ್ಲಾಕಿಗೆ ಇಷ್ಟು ಎಂದು ದರ ಕಟ್ಟಿ ಸೇರಿಸುತ್ತಾರೆ. ನಿಜವಾದ ಖರ್ಚು ಆ ಅಂದಾಜಿನಷ್ಟೇ ಆಗುವುದು ಅಪರೂಪ. ವ್ಯತ್ಯಾಸದ ದೊಡ್ಡ ಪಾಲು ಹುಟ್ಟುವುದೇ ಇಲ್ಲಿ.

ಹಂತ 1: ಎರಡೂ ಕಾಗದಗಳನ್ನು ಪಕ್ಕಪಕ್ಕ ಇಡಿ

ಮೊದಲು ವೆಚ್ಚ ಲೆಕ್ಕದ ಕಾಸ್ಟ್ ಶೀಟ್. ಈ ವರ್ಷ ಘಟಕ 2,00,000 ಬ್ಲಾಕ್ ತಯಾರಿಸಿದೆ. ವರ್ಷದ ಆರಂಭದಲ್ಲಿ 10,000 ಬ್ಲಾಕ್ ದಾಸ್ತಾನು ಇತ್ತು, ಕೊನೆಗೆ 20,000 ಉಳಿದಿದೆ. ಅಂದರೆ ಮಾರಿದ್ದು 1,90,000, ಬ್ಲಾಕಿಗೆ ₹38ರಂತೆ.

| ಕಾಸ್ಟ್ ಶೀಟ್ | ₹ |
|---|---|
| ಕಚ್ಚಾ ಮಾಲು (ಬ್ಲಾಕಿಗೆ 20) | 40,00,000 |
| ಕೂಲಿ (ಬ್ಲಾಕಿಗೆ 5) | 10,00,000 |
| ಕಾರ್ಖಾನೆ ಓವರ್‌ಹೆಡ್, ದರದಂತೆ (ಬ್ಲಾಕಿಗೆ 5) | 10,00,000 |
| ತಯಾರಿಕಾ ವೆಚ್ಚ | 60,00,000 |
| ಆರಂಭಿಕ ದಾಸ್ತಾನು (ಕೂಡಿ) | 2,90,000 |
| ಅಂತಿಮ ದಾಸ್ತಾನು, 20,000 × 30 (ಕಳೆ) | 6,00,000 |
| ಮಾರಿದ ಮಾಲಿನ ವೆಚ್ಚ | 56,90,000 |
| ಆಡಳಿತ, ಮಾರಾಟದ ವೆಚ್ಚ, ದರದಂತೆ (ಮಾರಿದ ಬ್ಲಾಕಿಗೆ 3) | 5,70,000 |
| ಸ್ವಂತ ಜಾಗದ ಅಂದಾಜು ಬಾಡಿಗೆ | 1,20,000 |
| ಒಟ್ಟು ವೆಚ್ಚ | 63,80,000 |
| ಮಾರಾಟ | 72,20,000 |
| ಲಾಭ | 8,40,000 |

ಇನ್ನು ಹಣಕಾಸು ಪುಸ್ತಕದಿಂದ ತೆಗೆದ ಲಾಭ-ನಷ್ಟದ ಲೆಕ್ಕ.

| ಲಾಭ-ನಷ್ಟ ಖಾತೆ | ₹ |
|---|---|
| ಕಚ್ಚಾ ಮಾಲು | 40,00,000 |
| ಕೂಲಿ | 10,00,000 |
| ಕಾರ್ಖಾನೆ ಖರ್ಚು, ಸವಕಳಿ ಬಿಟ್ಟು | 9,40,000 |
| ಸವಕಳಿ | 2,55,000 |
| ಆರಂಭಿಕ ದಾಸ್ತಾನು (ಕೂಡಿ) | 2,70,000 |
| ಅಂತಿಮ ದಾಸ್ತಾನು (ಕಳೆ) | 5,76,000 |
| ಆಡಳಿತ, ಮಾರಾಟದ ಖರ್ಚು | 5,40,000 |
| ಮಳೆಗೆ ನೆನೆದು ಹಾಳಾದ ಸಿಮೆಂಟ್ | 60,000 |
| ಬ್ಯಾಂಕ್ ಸಾಲದ ಬಡ್ಡಿ | 1,80,000 |
| ದೇಣಿಗೆ | 15,000 |
| ಹಳೇ ಮಿಕ್ಸರ್ ಮಾರಿದ ನಷ್ಟ | 35,000 |
| ಎಫ್‌ಡಿ ಬಡ್ಡಿ ಆದಾಯ (ಕಳೆ) | 22,000 |
| ನಿವ್ವಳ ಖರ್ಚು | 66,97,000 |
| ಮಾರಾಟ | 72,20,000 |
| ಲಾಭ | 5,23,000 |

ಪಕ್ಕಪಕ್ಕ ಇಟ್ಟ ಕೂಡಲೇ ಎರಡೂ ಕಡೆ ಒಂದೇ ಆಗಿರುವ ಸಾಲುಗಳಿಗೆ ಪೆನ್ಸಿಲಿನಲ್ಲಿ ಟಿಕ್ ಹಾಕಿ. ಇಲ್ಲಿ ಮಾರಾಟ, ಕಚ್ಚಾ ಮಾಲು, ಕೂಲಿ ಮೂರೂ ಒಂದೇ. ಇನ್ನು ಅವುಗಳ ತಂಟೆಗೆ ಹೋಗುವುದು ಬೇಡ. ಮಾರಾಟದಲ್ಲೇ ವ್ಯತ್ಯಾಸ ಕಂಡರೆ ಮಾತ್ರ ಅಲ್ಲೇ ನಿಂತುಬಿಡಿ. ಒಂದು ಕಡೆ ಜಿಎಸ್‌ಟಿ ಸೇರಿಸಿ, ಇನ್ನೊಂದು ಕಡೆ ಬಿಟ್ಟು ಬರೆದಿರುತ್ತಾರೆ. ಇಲ್ಲವೇ ಮಾರ್ಚ್ ಕೊನೆಯಲ್ಲಿ ಕಳುಹಿಸಿದ ಲೋಡ್ ಒಂದು ಪುಸ್ತಕದಲ್ಲಿ ಈ ವರ್ಷಕ್ಕೆ, ಇನ್ನೊಂದರಲ್ಲಿ ಮುಂದಿನ ವರ್ಷಕ್ಕೆ ಹೋಗಿರುತ್ತದೆ. ಇಂಥವು ತಪ್ಪುಗಳು. ಮೊದಲು ತಿದ್ದಿಕೊಳ್ಳಬೇಕು, ಹೊಂದಾಣಿಕೆ ಪಟ್ಟಿಯಲ್ಲಿ ತಂದು ಕೂರಿಸಬಾರದು.

ಹಂತ 2: ಒಂದೇ ಪುಸ್ತಕದಲ್ಲಿರುವ ಬಾಬ್ತುಗಳನ್ನು ಹೆಕ್ಕಿ

ಇದು ಸುಲಭದ ಕೆಲಸ. ಬ್ಯಾಂಕ್ ಬಡ್ಡಿ, ದೇಣಿಗೆ, ಮಿಕ್ಸರ್ ಮಾರಿದ ನಷ್ಟ, ಎಫ್‌ಡಿ ಬಡ್ಡಿ, ಇವು ಕಾಸ್ಟ್ ಶೀಟಿನಲ್ಲಿ ಇಲ್ಲವೇ ಇಲ್ಲ. ಬ್ಲಾಕ್ ತಯಾರಿಕೆಗೆ ಇವುಗಳಿಂದ ಏನೂ ಆಗಬೇಕಾಗಿಲ್ಲ. ಘಟಕ ಕಂಪನಿಯಾಗಿದ್ದು, ತೆರಿಗೆ ಕಳೆದ ನಂತರದ ಲಾಭ ಹಿಡಿದುಕೊಂಡಿದ್ದರೆ ಆದಾಯ ತೆರಿಗೆಯೂ ಈ ಸಾಲಿಗೇ ಸೇರುತ್ತದೆ. ನಮ್ಮ ಉದಾಹರಣೆ ಒಬ್ಬರೇ ಮಾಲೀಕರ ಘಟಕ. ಅಲ್ಲಿ ಅವರು ಕಟ್ಟುವ ಆದಾಯ ತೆರಿಗೆ ಅವರ ಸ್ವಂತ ಖರ್ಚು, ಬಂಡವಾಳದಿಂದ ತೆಗೆದುಕೊಂಡ ಹಾಗೆ. ಲಾಭ-ನಷ್ಟ ಖಾತೆಗೆ ಬರುವುದಿಲ್ಲ.

ಸಾಲದ ಬಡ್ಡಿಯ ಬಗ್ಗೆ ಒಂದು ಮಾತು. ಅದನ್ನು ವೆಚ್ಚ ಲೆಕ್ಕದಿಂದ ಪೂರ್ತಿ ಹೊರಗಿಡುವುದು ಹಳೆಯ ರೂಢಿ, ಇಲ್ಲೂ ಹಾಗೇ ಮಾಡಿದ್ದೇನೆ. ಆದರೆ ನಮ್ಮ ದೇಶದ ವೆಚ್ಚ ಲೆಕ್ಕದ ಮಾನದಂಡಗಳ ಪ್ರಕಾರ ಬಡ್ಡಿ ತಯಾರಿಕಾ ವೆಚ್ಚಕ್ಕೆ ಸೇರದಿದ್ದರೂ ಮಾರಾಟದ ಒಟ್ಟು ವೆಚ್ಚಕ್ಕೆ ಸೇರುತ್ತದೆ. ನಿಮ್ಮ ಕಾಸ್ಟ್ ಶೀಟಿನಲ್ಲಿ ಬಡ್ಡಿ ಆಗಲೇ ಇದೆಯಾ ಎಂದು ಕಣ್ಣಾರೆ ನೋಡಿಕೊಳ್ಳಿ. ಇದ್ದರೆ ಹೊಂದಾಣಿಕೆ ಪಟ್ಟಿಯಲ್ಲಿ ಮತ್ತೆ ಕಳೆಯುವಂತಿಲ್ಲ.

ನೆನೆದ ಸಿಮೆಂಟಿನದು ಸ್ವಲ್ಪ ಬೇರೆ ಕತೆ. ಜಲ್ಲಿ ಚೆಲ್ಲುವುದು, ಅಚ್ಚಿನಿಂದ ತೆಗೆಯುವಾಗ ನೂರಕ್ಕೆ ಒಂದೆರಡು ಬ್ಲಾಕ್ ಒಡೆಯುವುದು, ಇವೆಲ್ಲ ದಿನನಿತ್ಯದ ನಷ್ಟ. ಅದನ್ನು ಒಳ್ಳೆಯ ಬ್ಲಾಕುಗಳ ವೆಚ್ಚದಲ್ಲೇ ಸೇರಿಸುತ್ತಾರೆ. ಬಿರುಗಾಳಿಗೆ ಗೋಡೌನಿನ ಶೀಟ್ ಹಾರಿ ₹60,000 ಮೌಲ್ಯದ ಸಿಮೆಂಟ್ ಚೀಲ ಗಟ್ಟಿಯಾದರೆ ಅದು ಅಸಾಮಾನ್ಯ ನಷ್ಟ. ಅದನ್ನೂ ಬ್ಲಾಕಿನ ವೆಚ್ಚಕ್ಕೆ ಸೇರಿಸಿದರೆ ಬ್ಲಾಕಿನ ದರ ಸುಮ್ನೆ ಏರಿ ಕೂರುತ್ತದೆ. ಮುಂದಿನ ಕೊಟೇಶನ್ ಕೊಡುವಾಗ ಆ ದರ ದಾರಿ ತಪ್ಪಿಸುತ್ತದೆ. ಅದಕ್ಕೇ ಕಾಸ್ಟ್ ಶೀಟ್ ಅದನ್ನು ಹೊರಗಿಡುತ್ತದೆ, ಲಾಭ-ನಷ್ಟ ಖಾತೆ ಮಾತ್ರ ನುಂಗಿಕೊಳ್ಳುತ್ತದೆ.

ತಿರುಗುಮುರುಗಾಗಿ, ಕಾಸ್ಟ್ ಶೀಟಿನಲ್ಲಿ ಮಾತ್ರ ಇರುವುದು ಸ್ವಂತ ಜಾಗದ ಅಂದಾಜು ಬಾಡಿಗೆ. ಮಾಲೀಕರು ತಮಗೇ ಬಾಡಿಗೆ ಕಟ್ಟಿಕೊಳ್ಳುವುದಿಲ್ಲ, ಹಾಗಾಗಿ ಹಣಕಾಸು ಪುಸ್ತಕದಲ್ಲಿ ಅದು ಬರುವ ಪ್ರಶ್ನೆಯೇ ಇಲ್ಲ. ಆದರೆ ಪಕ್ಕದ ಬಾಡಿಗೆ ಜಾಗದಲ್ಲಿರುವ ಘಟಕದ ಜೊತೆ ದರ ಹೋಲಿಸಬೇಕಾದರೆ ಈ ₹1,20,000 ಸೇರಿಸಿಕೊಂಡೇ ನೋಡಬೇಕು. ಹೀಗೆ ಅಂದಾಜಿನಿಂದ ಹಾಕಿದ ವೆಚ್ಚ ಒಳಗಿನ ದರ ನಿರ್ಧಾರಕ್ಕೆ ಮಾತ್ರ. ಕಾನೂನಿನಡಿ ಇಡುವ ವೆಚ್ಚ ದಾಖಲೆಗಳಿಗೆ ಅನ್ವಯಿಸುವ ಮಾನದಂಡಗಳು ಇಂಥ ಅಂದಾಜು ವೆಚ್ಚಗಳನ್ನು ಒಪ್ಪುವುದಿಲ್ಲ.

ಇಲ್ಲಿ ಬಾಡಿಗೆಯನ್ನು ದಾಸ್ತಾನಿನ ಬೆಲೆಗೆ ಸೇರಿಸದೆ ಕೊನೆಯಲ್ಲಿ ಪ್ರತ್ಯೇಕ ಸಾಲಾಗಿ ಇಟ್ಟಿರುವುದನ್ನು ಗಮನಿಸಿ. ಅದನ್ನು ಕಾರ್ಖಾನೆ ಓವರ್‌ಹೆಡ್ಡಿನೊಳಗೆ ಹಾಕಿದ್ದರೆ ಬ್ಲಾಕಿಗೆ 60 ಪೈಸೆ ಕೂಡುತ್ತಿತ್ತು. ಆಗ ಉಳಿದ 20,000 ಬ್ಲಾಕಿನ ಜೊತೆ ₹12,000 ಬಾಡಿಗೆಯೂ ದಾಸ್ತಾನಿನಲ್ಲಿ ಕೂತು ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಪೂರ್ತಿ 1,20,000 ಕೂಡಿದರೂ ಪಟ್ಟಿ ತಾಳೆಯಾಗುತ್ತಿಲ್ಲ ಎಂದಾಗ ಈ ಕಡೆ ಒಮ್ಮೆ ನೋಡಿ.

ಹಂತ 3: ಓವರ್‌ಹೆಡ್ ಎಷ್ಟು ವಸೂಲಾಯಿತು, ಎಷ್ಟು ಖರ್ಚಾಯಿತು?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇಡೀ ಪಟ್ಟಿಯಲ್ಲಿ ಮಾಲೀಕರಿಗೆ ಹೆಚ್ಚು ಕಲಿಸುವ ಸಾಲು ಇದೇ.

ವರ್ಷದ ಆರಂಭದಲ್ಲಿ ಘಟಕ ಹಾಕಿದ ಅಂದಾಜು ಹೀಗಿತ್ತು: 2,40,000 ಬ್ಲಾಕ್ ತಯಾರಾಗುತ್ತದೆ, ಕಾರ್ಖಾನೆ ಓವರ್‌ಹೆಡ್ ₹12,00,000 ಬೀಳುತ್ತದೆ. ಭಾಗಿಸಿದರೆ ಬ್ಲಾಕಿಗೆ ₹5. ಈ ದರದಲ್ಲಿ ಪ್ರತಿ ಬ್ಲಾಕಿಗೂ ಹಾಕುತ್ತಾ ಹೋದರು. ತಯಾರಾಗಿದ್ದು 2,00,000 ಮಾತ್ರ, ಹಾಗಾಗಿ ವಸೂಲಾಗಿದ್ದು ₹10,00,000.

ನಿಜವಾದ ಖರ್ಚೆಷ್ಟು? ಕರೆಂಟ್, ರಿಪೇರಿ, ಸಂಬಳ ಎಲ್ಲ ಸೇರಿ ₹9,40,000. ಇದಕ್ಕೆ ವೆಚ್ಚ ಲೆಕ್ಕದ ಪ್ರಕಾರದ ಸವಕಳಿ ₹2,00,000 ಸೇರಿಸಿ. ಒಟ್ಟು ₹11,40,000. ವಸೂಲಿಗಿಂತ ಖರ್ಚು ₹1,40,000 ಜಾಸ್ತಿ. ಇದಕ್ಕೆ ಕಡಿಮೆ ವಸೂಲಿ ಎನ್ನುತ್ತಾರೆ. ಕಾಸ್ಟ್ ಶೀಟ್ ಇಷ್ಟು ಖರ್ಚನ್ನು ಕಂಡೇ ಇಲ್ಲ, ಆದ್ದರಿಂದ ಅದರ ಲಾಭ ಇಷ್ಟು ಉಬ್ಬಿದೆ.

ಇಲ್ಲಿ ಹಣಕಾಸು ಪುಸ್ತಕದ ಸವಕಳಿ 2,55,000 ಅನ್ನು ಯಾಕೆ ತೆಗೆದುಕೊಳ್ಳಲಿಲ್ಲ? ತೆಗೆದುಕೊಂಡರೆ ಸವಕಳಿಯ ವ್ಯತ್ಯಾಸ ಈ ಸಾಲಿನೊಳಗೇ ಬೆರೆತುಹೋಗುತ್ತದೆ. ಆಮೇಲೆ ಅದನ್ನೇ ಪ್ರತ್ಯೇಕ ಸಾಲಾಗಿ ಮತ್ತೆ ಕಳೆದರೆ ಒಂದೇ ಹಣ ಎರಡು ಸಲ ಹೋಗುತ್ತದೆ. ತುಂಬ ಜನ ಎಡವುವುದು ಇಲ್ಲೇ. ಓವರ್‌ಹೆಡ್ ಹೋಲಿಸುವಾಗ ಎರಡೂ ಕಡೆ ವೆಚ್ಚ ಲೆಕ್ಕದ ಸವಕಳಿಯನ್ನೇ ಇಟ್ಟುಕೊಳ್ಳಿ, ಉಳಿದ ವ್ಯತ್ಯಾಸಕ್ಕೆ ಮುಂದಿನ ಹಂತವಿದೆ.

ಈ 1,40,000 ಅನ್ನು ಇನ್ನೂ ಬಿಡಿಸಿ ನೋಡಿ. ಅಂದಾಜಿಗಿಂತ 40,000 ಬ್ಲಾಕ್ ಕಡಿಮೆ ತಯಾರಾಯಿತು, ತಲಾ ₹5ರಂತೆ ₹2,00,000 ವಸೂಲಿ ತಪ್ಪಿತು. ಖರ್ಚು ಮಾತ್ರ ಅಂದಾಜಿಗಿಂತ ₹60,000 ಕಡಿಮೆಯಾಗಿದೆ. 2,00,000ರಲ್ಲಿ 60,000 ಕಳೆದರೆ 1,40,000. ಅಂದರೆ ಸೂಪರ್‌ವೈಸರ್ ದುಂದುವೆಚ್ಚ ಮಾಡಿಲ್ಲ. ಯಂತ್ರ ನಿಂತಿದ್ದೇ ಕಾರಣ. ಆರ್ಡರ್ ಇರಲಿಲ್ಲವೋ, ಕರೆಂಟ್ ಇರಲಿಲ್ಲವೋ, ಮಳೆಗಾಲದಲ್ಲಿ ಕ್ಯೂರಿಂಗ್‌ಗೆ ಜಾಗ ಸಾಲಲಿಲ್ಲವೋ, ಹುಡುಕಬೇಕಾದ್ದು ಅದನ್ನು. ಬರೀ 1,40,000 ಎಂಬ ಅಂಕಿ ನೋಡಿದವರು ರಿಪೇರಿ ಖರ್ಚಿಗೆ ಕತ್ತರಿ ಹಾಕಲು ಹೊರಡುತ್ತಾರೆ.

ವರ್ಷದ ಕೊನೆಯಲ್ಲಿ ಇನ್ನೊಂದು ಆಸೆ ಹುಟ್ಟುತ್ತದೆ. 11,40,000 ಅನ್ನು 2,00,000ದಿಂದ ಭಾಗಿಸಿ ಬ್ಲಾಕಿಗೆ ₹5.70 ಎಂದು ದರ ಬದಲಿಸಿಬಿಟ್ಟರೆ ಕಡಿಮೆ ವಸೂಲಿಯೇ ಮಾಯ, ಅಲ್ವಾ? ಹಾಗೆ ಮಾಡಿದರೆ ಅಂತಿಮ ದಾಸ್ತಾನಿನ ಬೆಲೆ ₹30ರಿಂದ ₹30.70ಕ್ಕೆ ಏರುತ್ತದೆ. ಯಂತ್ರ ನಿಂತ ನಷ್ಟದಲ್ಲಿ ₹14,000 ಆಸ್ತಿಯ ವೇಷ ಹಾಕಿ ಬ್ಯಾಲೆನ್ಸ್ ಶೀಟಿನಲ್ಲಿ ಕೂರುತ್ತದೆ. ಹಣಕಾಸು ಲೆಕ್ಕದಲ್ಲಿ ದಾಸ್ತಾನಿನ ಬೆಲೆ ಕಟ್ಟಲು ಇರುವ ಎಎಸ್ 2 ಮಾನದಂಡ ಇದಕ್ಕೆ ಅವಕಾಶ ಕೊಡುವುದಿಲ್ಲ. ಸ್ಥಿರ ಓವರ್‌ಹೆಡ್ ಅನ್ನು ಸಾಮಾನ್ಯ ಉತ್ಪಾದನಾ ಸಾಮರ್ಥ್ಯದ ಮೇಲೆ ಹಂಚಬೇಕು, ಉತ್ಪಾದನೆ ಇಳಿಯಿತೆಂದು ಬ್ಲಾಕಿಗೆ ಬೀಳುವ ಪಾಲನ್ನು ಏರಿಸಬಾರದು, ವಸೂಲಾಗದೆ ಉಳಿದದ್ದನ್ನು ಆ ವರ್ಷದ ಖರ್ಚೆಂದೇ ಬರೆಯಬೇಕು ಎನ್ನುತ್ತದೆ ಅದು.

ಆಡಳಿತ ಮತ್ತು ಮಾರಾಟದ ವೆಚ್ಚದಲ್ಲಿ ಉಲ್ಟಾ ಆಗಿದೆ. ಮಾರಿದ ಬ್ಲಾಕಿಗೆ ₹3ರಂತೆ 5,70,000 ವಸೂಲಾಗಿದೆ, ಖರ್ಚಾಗಿದ್ದು 5,40,000. ₹30,000 ಹೆಚ್ಚು ವಸೂಲಿ. ಕಾಸ್ಟ್ ಶೀಟಿನ ಲಾಭ ಇಷ್ಟರ ಮಟ್ಟಿಗೆ ಕುಗ್ಗಿದೆ.

ಹಂತ 4: ಸವಕಳಿ

ಹೈಡ್ರಾಲಿಕ್ ಯಂತ್ರಕ್ಕೆ ₹20,00,000. ವೆಚ್ಚ ಲೆಕ್ಕದಲ್ಲಿ 10 ವರ್ಷದ ಬಾಳಿಕೆ ಎಂದು ಹಿಡಿದು ಪ್ರತಿ ವರ್ಷ ಸಮನಾಗಿ ₹2,00,000 ಹಾಕುತ್ತಾರೆ. ಬ್ಲಾಕಿನ ದರ ವರ್ಷದಿಂದ ವರ್ಷಕ್ಕೆ ಸುಮ್ಮನೆ ಕುಣಿಯಬಾರದು ಎಂಬುದು ಉದ್ದೇಶ. ಹಣಕಾಸು ಪುಸ್ತಕದಲ್ಲಿ ಸಣ್ಣ ಘಟಕಗಳು ಸಾಮಾನ್ಯವಾಗಿ ಆದಾಯ ತೆರಿಗೆಯ ದರವನ್ನೇ ಬಳಸುತ್ತವೆ. ಯಂತ್ರಕ್ಕೆ ಶೇ 15, ಅದೂ ಉಳಿದ ಮೌಲ್ಯದ ಮೇಲೆ. ಮೊದಲ ವರ್ಷ 3,00,000. ಎರಡನೇ ವರ್ಷ ಉಳಿದ 17,00,000ದ ಮೇಲೆ 2,55,000. ನಮ್ಮದು ಎರಡನೇ ವರ್ಷ. ವ್ಯತ್ಯಾಸ ₹55,000.

ಹೋದ ವರ್ಷದ ಪಟ್ಟಿಯನ್ನು ಕಾಪಿ ಮಾಡಿ ಅಂಕಿ ಬದಲಿಸುವವರು ಇದನ್ನು ನೆನಪಿಡಬೇಕು. ಮೂರನೇ ವರ್ಷ ಹಣಕಾಸು ಸವಕಳಿ 2,16,750 ಆಗುತ್ತದೆ. ನಾಲ್ಕನೇ ವರ್ಷ ಸುಮಾರು 1,84,240ಕ್ಕೆ ಇಳಿದು ವೆಚ್ಚ ಲೆಕ್ಕದ 2,00,000ಕ್ಕಿಂತ ಕೆಳಗೆ ಹೋಗುತ್ತದೆ. ಅಲ್ಲಿಗೆ ಕಳೆಯುತ್ತಿದ್ದ ಸಾಲು ಕೂಡುವ ಸಾಲಾಗುತ್ತದೆ. "ಸವಕಳಿ ವ್ಯತ್ಯಾಸ, ಕಳೆ" ಎಂದು ಕಣ್ಣುಮುಚ್ಚಿ ಬರೆದರೆ ಆ ವರ್ಷ ಪಟ್ಟಿ ಕೂಡುವುದಿಲ್ಲ.

ಹಂತ 5: ದಾಸ್ತಾನು

ಎರಡೂ ಪುಸ್ತಕದಲ್ಲಿ ಬ್ಲಾಕುಗಳ ಸಂಖ್ಯೆ ಒಂದೇ ಇದೆಯಾ ಎಂದು ಮೊದಲು ನೋಡಿ. ಸಂಖ್ಯೆಯೇ ಬೇರೆಯಾದರೆ ಅಂಗಳಕ್ಕೆ ಹೋಗಿ ಎಣಿಸಬೇಕು, ಬೇರೆ ದಾರಿಯಿಲ್ಲ. ಸಂಖ್ಯೆ ಒಂದೇ ಇದ್ದು ಬೆಲೆ ಬೇರೆಯಾಗಿದ್ದರೆ ಅದು ಹೊಂದಾಣಿಕೆಯ ವಿಷಯ.

ಕಾಸ್ಟ್ ಶೀಟ್ ಉಳಿದ 20,000 ಬ್ಲಾಕನ್ನೂ ₹30ರಂತೆ ಹಾಕಿ 6,00,000 ಎಂದಿತು. ಹಣಕಾಸು ಲೆಕ್ಕದಲ್ಲಿ ವೆಚ್ಚ ಅಥವಾ ಮಾರಿದರೆ ನಿವ್ವಳ ಕೈಗೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ತೆಗೆದುಕೊಳ್ಳಬೇಕು. ಈ ಇಪ್ಪತ್ತು ಸಾವಿರದಲ್ಲಿ 4,000 ಬ್ಲಾಕುಗಳ ಅಂಚು ಮುಕ್ಕಾಗಿದೆ. ಕಾಂಪೌಂಡ್ ಪಾಯಕ್ಕೆ ಕೊಂಡುಕೊಳ್ಳುತ್ತಾರೆ, ಸಾಗಣೆ ಕಳೆದು ₹24 ಸಿಗುತ್ತದೆ. ಹಾಗಾಗಿ 16,000 ಬ್ಲಾಕ್ ₹30ರಂತೆ 4,80,000, ಮುಕ್ಕಾದವು 96,000, ಒಟ್ಟು 5,76,000. ವ್ಯತ್ಯಾಸ ₹24,000. ಇದೇ ಕಾರಣಕ್ಕೆ ಹೋದ ವರ್ಷವೂ ಬೆಲೆ ಇಳಿಸಿದ್ದರು. ಆರಂಭಿಕ ದಾಸ್ತಾನು ವೆಚ್ಚ ಲೆಕ್ಕದಲ್ಲಿ 2,90,000, ಹಣಕಾಸಿನಲ್ಲಿ 2,70,000.

ಈಗ ಕೂಡಬೇಕೋ ಕಳೆಯಬೇಕೋ ಎಂಬ ಗೊಂದಲ. "ಕಾಸ್ಟ್ ಶೀಟಿನಲ್ಲಿ ಜಾಸ್ತಿ ಇದ್ದರೆ ಕೂಡು" ಎಂಬಂಥ ಸೂತ್ರ ಬಾಯಿಪಾಠ ಮಾಡಿದರೆ ದಾಸ್ತಾನಿನ ಹತ್ತಿರ ಕೈಕೊಡುತ್ತದೆ. ಆರಂಭಿಕ ದಾಸ್ತಾನು ಖರ್ಚಿನ ಹಾಗೆ ಕೆಲಸ ಮಾಡುತ್ತದೆ, ಅಂತಿಮ ದಾಸ್ತಾನು ಖರ್ಚನ್ನು ಕಡಿಮೆ ಮಾಡುತ್ತದೆ. ಅದರ ಬದಲು ಪ್ರತಿ ಬಾಬ್ತಿಗೂ ಈ ಒಂದೇ ಪ್ರಶ್ನೆ ಕೇಳಿ: ಇದರಿಂದಾಗಿ ಕಾಸ್ಟ್ ಶೀಟಿನ ಲಾಭ ಹಣಕಾಸು ಲಾಭಕ್ಕಿಂತ ಕಡಿಮೆಯಾಗಿದೆಯಾ, ಜಾಸ್ತಿಯಾಗಿದೆಯಾ? ಕಡಿಮೆಯಾಗಿದ್ದರೆ ಕೂಡಿ, ಜಾಸ್ತಿಯಾಗಿದ್ದರೆ ಕಳೆಯಿರಿ. ಆರಂಭಿಕ ದಾಸ್ತಾನು ಕಾಸ್ಟ್ ಶೀಟಿನಲ್ಲಿ 20,000 ಜಾಸ್ತಿ, ಅಂದರೆ ಖರ್ಚು ಜಾಸ್ತಿ, ಲಾಭ ಕಡಿಮೆ. ಕೂಡಿ. ಅಂತಿಮ ದಾಸ್ತಾನು 24,000 ಜಾಸ್ತಿ, ಅಂದರೆ ಖರ್ಚು ಕಡಿಮೆ, ಲಾಭ ಜಾಸ್ತಿ. ಕಳೆಯಿರಿ. ಹಣಕಾಸು ಲಾಭದಿಂದ ಹೊರಟು ವೆಚ್ಚ ಲಾಭಕ್ಕೆ ಬರುವುದಾದರೆ ಇಡೀ ಪಟ್ಟಿಯ ಚಿಹ್ನೆಗಳು ತಿರುಗುತ್ತವೆ. ಎಲ್ಲಿಂದ ಹೊರಟಿದ್ದೀರಿ ಎಂದು ಪಟ್ಟಿಯ ಮೊದಲ ಸಾಲಿನಲ್ಲೇ ಬರೆದುಬಿಡಿ.

ಹಂತ 6: ಪಟ್ಟಿ ಬರೆಯಿರಿ

| ಹೊಂದಾಣಿಕೆ ಪಟ್ಟಿ | ₹ | ₹ |
|---|---|---|
| ಕಾಸ್ಟ್ ಶೀಟಿನ ಲಾಭ | | 8,40,000 |
| ಕೂಡಿ | | |
| ಅಂದಾಜು ಬಾಡಿಗೆ | 1,20,000 | |
| ಆಡಳಿತ, ಮಾರಾಟದ ವೆಚ್ಚದ ಹೆಚ್ಚು ವಸೂಲಿ | 30,000 | |
| ಆರಂಭಿಕ ದಾಸ್ತಾನಿನ ವ್ಯತ್ಯಾಸ | 20,000 | |
| ಎಫ್‌ಡಿ ಬಡ್ಡಿ | 22,000 | 1,92,000 |
| | | 10,32,000 |
| ಕಳೆ | | |
| ಕಾರ್ಖಾನೆ ಓವರ್‌ಹೆಡ್ ಕಡಿಮೆ ವಸೂಲಿ | 1,40,000 | |
| ಸವಕಳಿ ವ್ಯತ್ಯಾಸ | 55,000 | |
| ಅಂತಿಮ ದಾಸ್ತಾನಿನ ವ್ಯತ್ಯಾಸ | 24,000 | |
| ನೆನೆದ ಸಿಮೆಂಟ್ | 60,000 | |
| ಬ್ಯಾಂಕ್ ಬಡ್ಡಿ | 1,80,000 | |
| ದೇಣಿಗೆ | 15,000 | |
| ಮಿಕ್ಸರ್ ಮಾರಿದ ನಷ್ಟ | 35,000 | 5,09,000 |
| ಲಾಭ-ನಷ್ಟ ಖಾತೆಯ ಲಾಭ | | 5,23,000 |

ರೂಪಾಯಿಗೆ ರೂಪಾಯಿ ಕೂಡಿತು. ಕಾಸ್ಟ್ ಶೀಟಿನಲ್ಲೇ ನಷ್ಟವಿದ್ದರೆ ಮೊದಲ ಸಾಲನ್ನು ಮೈನಸ್ ಅಂಕಿಯಾಗಿ ಬರೆದು ಇದೇ ದಾರಿಯಲ್ಲಿ ಹೋಗಿ, ಬೇರೆ ನಿಯಮ ಬೇಕಿಲ್ಲ.

ತಾಳೆಯಾಗದಿದ್ದರೆ

ಮೊದಲು ಉಳಿದ ವ್ಯತ್ಯಾಸವನ್ನು ಅರ್ಧ ಮಾಡಿ ನೋಡಿ. ಆರಂಭಿಕ ದಾಸ್ತಾನಿನ 20,000 ಅನ್ನು ಕೂಡುವ ಬದಲು ಕಳೆದಿದ್ದರೆ ಉತ್ತರ 4,83,000 ಬರುತ್ತಿತ್ತು. ಬೇಕಾದ್ದಕ್ಕಿಂತ 40,000 ಕಡಿಮೆ. ಅರ್ಧ ಮಾಡಿದರೆ 20,000. ಪಟ್ಟಿಯಲ್ಲಿ ಆ ಅಂಕಿ ಇರುವ ಸಾಲನ್ನು ಹಿಡಿದರೆ ಕಳ್ಳ ಸಿಕ್ಕಿಬಿಡುತ್ತಾನೆ. ವ್ಯತ್ಯಾಸ 9ರಿಂದ ಶೇಷವಿಲ್ಲದೆ ಭಾಗವಾದರೆ ಅಂಕಿಗಳು ಹಿಂದುಮುಂದಾಗಿರುವ ಸಾಧ್ಯತೆ ಇದೆ, 54,000 ಬರೆಯುವ ಕಡೆ 45,000 ಬರೆದ ಹಾಗೆ.

ಚಿಕ್ಕ ವ್ಯತ್ಯಾಸ ಉಳಿದಾಗ ಇನ್ನೂ ಹುಷಾರಾಗಿರಿ. ಎಫ್‌ಡಿ ಬಡ್ಡಿ 22,000 ಮತ್ತು ಅಂತಿಮ ದಾಸ್ತಾನಿನ 24,000 ಎರಡನ್ನೂ ಮರೆತಿದ್ದೀರಿ ಎಂದುಕೊಳ್ಳಿ. ಉತ್ತರ 5,25,000 ಬರುತ್ತದೆ, ವ್ಯತ್ಯಾಸ ಬರೀ 2,000. "ಎರಡು ಸಾವಿರ ತಾನೇ, ಇತರೆ ಎಂದು ಹಾಕಿಬಿಡಿ" ಎನ್ನುವವರು ಇದ್ದೇ ಇರುತ್ತಾರೆ. ಆ ಎರಡು ಸಾವಿರದ ಹಿಂದೆ ಒಟ್ಟು ನಲವತ್ತಾರು ಸಾವಿರದ ಎರಡು ಬಾಬ್ತು ಅಡಗಿವೆ. "ಇತರೆ" ಎಂಬ ಸಾಲು ನನ್ನ ಪ್ರಕಾರ ಹೊಂದಾಣಿಕೆ ಪಟ್ಟಿಯಲ್ಲಿ ಇರಲೇಬಾರದು.

ಎಲ್ಲರೂ ಈ ಪಟ್ಟಿ ಮಾಡಲೇಬೇಕೆಂಬ ಕಾನೂನಿಲ್ಲ. 2013ರ ಕಂಪನಿ ಕಾಯ್ದೆಯ 148ನೇ ಸೆಕ್ಷನ್ ಮತ್ತು 2014ರ ವೆಚ್ಚ ದಾಖಲೆ ಹಾಗೂ ಆಡಿಟ್ ನಿಯಮಗಳು ನಿಗದಿತ ಉದ್ಯಮಗಳ ಕಂಪನಿಗಳಿಗೆ ಮಾತ್ರ ಅನ್ವಯಿಸುತ್ತವೆ. ಹಿಂದಿನ ವರ್ಷದ ವಹಿವಾಟು ₹35 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವೆಚ್ಚ ದಾಖಲೆ ಇಡಬೇಕು. ವೆಚ್ಚ ಆಡಿಟ್‌ಗೆ ಒಳಪಟ್ಟ ಕಂಪನಿಗಳ ವರದಿ CRA-3 ನಮೂನೆಯಲ್ಲಿರುತ್ತದೆ, ಅದರ D ಭಾಗದಲ್ಲಿ ಈ ಲಾಭದ ಹೊಂದಾಣಿಕೆಗೇ ಒಂದು ಕೋಷ್ಟಕವಿದೆ. ವೆಚ್ಚ ಮತ್ತು ಹಣಕಾಸನ್ನು ಒಂದೇ ಪುಸ್ತಕದಲ್ಲಿ ಬೆಸೆದು ಬರೆಯುವ ಘಟಕದಲ್ಲಿ ಲಾಭ ಬರುವುದೇ ಒಂದು, ಹೊಂದಾಣಿಕೆಯ ಅಗತ್ಯ ಬೀಳುವುದಿಲ್ಲ. ಬ್ಲಾಕ್ ಘಟಕದಂಥ ಕಡೆ ಕಾಸ್ಟ್ ಶೀಟ್ ಎಕ್ಸೆಲ್‌ನಲ್ಲಿ, ಲೆಕ್ಕಪತ್ರ ಬೇರೆ ಸಾಫ್ಟ್‌ವೇರ್‌ನಲ್ಲಿ ಇರುತ್ತದೆ. ಅಂಥವರು ಕಾನೂನು ಕೇಳದಿದ್ದರೂ ವರ್ಷಕ್ಕೊಮ್ಮೆಯಾದರೂ ಮಾಡಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದು, ಕಡಿಮೆ ವಸೂಲಿ ಸೆಪ್ಟೆಂಬರಿನಲ್ಲೇ ಕಂಡರೆ ಉಳಿದ ಆರು ತಿಂಗಳಲ್ಲಿ ಆರ್ಡರ್ ಹಿಡಿಯಲು ಸಮಯ ಸಿಗುತ್ತದೆ.

ಪಟ್ಟಿ ಮುಗಿದ ಮೇಲೆ ಫೈಲಿಗೆ ಹಾಕುವ ಮುನ್ನ ಒಂದು ಸಣ್ಣ ಟಿಪ್ಪಣಿ ಬರೆದಿಡಿ: ಅಂತಿಮ ದಾಸ್ತಾನಿನ ವ್ಯತ್ಯಾಸ ₹24,000. ಈ ಬ್ಲಾಕುಗಳೇ ಮುಂದಿನ ವರ್ಷದ ಆರಂಭಿಕ ದಾಸ್ತಾನು. ಹಾಗಾಗಿ ಈ ವರ್ಷ ಕಳೆದ ಇದೇ 24,000 ಮುಂದಿನ ವರ್ಷದ ಪಟ್ಟಿಯಲ್ಲಿ ಕೂಡುವ ಸಾಲಾಗಿ ಬರಲೇಬೇಕು, ಈ ವರ್ಷ ಕೂಡಿದ 20,000 ಹೋದ ವರ್ಷ ಕಳೆದದ್ದೇ ಆಗಿರುವ ಹಾಗೆ. ಮುಂದಿನ ಏಪ್ರಿಲ್‌ನಲ್ಲಿ ಬೇರೆ ಅಂಕಿ ಕಂಡರೆ ಯಾರೋ ಯಾವುದೋ ಒಂದು ಪುಸ್ತಕದ ಆರಂಭಿಕ ದಾಸ್ತಾನನ್ನು ತಿದ್ದಿದ್ದಾರೆ ಎಂದರ್ಥ. ಉಳಿದ ಸಾಲುಗಳಿಗೆ ಕೈಹಾಕುವ ಮೊದಲು ಅದನ್ನು ಸರಿಮಾಡಿಕೊಳ್ಳಿ.